ವಾಟ್ಸಾಪಿನಲ್ಲಿ ಬರುವ ಮೂರು ಪ್ರಶ್ನೆ: ನೋಟಿಸ್ ಅವಧಿ, ಊರು, ಸಂಬಳ

ಪ್ರಶ್ನೆ: ನಾನು ಉಪ್ಪಳದವಳು, ಮಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ನಾಲ್ಕು ವರ್ಷ ದಾಟಿತು. ಕಳೆದ ವಾರ ಬೆಂಗಳೂರಿನ ಕನ್ಸಲ್ಟೆನ್ಸಿಯೊಂದರಿಂದ ವಾಟ್ಸಾಪಿನಲ್ಲಿ "ನೋಟಿಸ್ ಪೀರಿಯಡ್? ಲೊಕೇಶನ್? ಈಗಿನ ಸಿಟಿಸಿ, ನಿರೀಕ್ಷೆ?" ಎಂದು ಬಂತು. ನಾನು "ನೋಟಿಸ್ ನೆಗೋಷಿಯೇಬಲ್, ಕಾಸರಗೋಡು, ಈಗ 7.2, ನಿರೀಕ್ಷೆ ಕಂಪನಿಯ ನಿಯಮದ ಪ್ರಕಾರ" ಎಂದು ಹಾಕಿದೆ. ಆಮೇಲೆ ಸುದ್ದಿಯೇ ಇಲ್ಲ. ಏನು ಬರೆಯಬೇಕಿತ್ತು? ಈಗಲೂ ಸರಿಪಡಿಸಬಹುದೇ?

ಉತ್ತರ: ಈಗಲೂ ಸರಿಪಡಿಸಬಹುದು. ಹೇಗೆಂದು ಕೊನೆಯಲ್ಲಿ ಬರೆದಿದ್ದೇನೆ. ಅದಕ್ಕೆ ಮೊದಲು, ನಿಮ್ಮ ಸಂದೇಶ ಆ ಕಡೆ ತಲುಪಿದ ಮೇಲೆ ಅದಕ್ಕೆ ಏನಾಗುತ್ತದೆ ಎಂಬುದು ತಿಳಿದಿದ್ದರೆ ಏನು ಬರೆಯಬೇಕಿತ್ತು ಎಂಬುದು ಬಹುಮಟ್ಟಿಗೆ ತಾನಾಗಿಯೇ ಹೊಳೆಯುತ್ತದೆ.

ಕನ್ಸಲ್ಟೆನ್ಸಿಯ ರಿಕ್ರೂಟರ್ ಒಂದೇ ಹುದ್ದೆಗೆ ಹತ್ತಾರು ಜನರಿಗೆ ಅದೇ ಸಂದೇಶವನ್ನು ಕಳುಹಿಸಿರುತ್ತಾರೆ. ಬಂದ ಉತ್ತರಗಳನ್ನು ಅವರು ಒಂದು ಎಕ್ಸೆಲ್ ಹಾಳೆಗೆ ತುಂಬುತ್ತಾರೆ. ಹೆಸರು, ಒಟ್ಟು ಅನುಭವ, ಈಗಿನ ಸಿಟಿಸಿ, ನಿರೀಕ್ಷಿತ ಸಿಟಿಸಿ, ನೋಟಿಸ್ ಅವಧಿ, ಈಗಿನ ಊರು, ಒಪ್ಪುವ ಊರು ಎಂದು ಅದರಲ್ಲಿ ಕಾಲಂಗಳಿರುತ್ತವೆ. ಸಿಟಿಸಿ ಎಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಆ ಹಾಳೆ ನೇಮಕ ಮಾಡಿಕೊಳ್ಳುವ ಕಂಪನಿಯ ಎಚ್‌ಆರ್ ಮೇಜಿಗೆ ಹೋಗುತ್ತದೆ, ಅಲ್ಲಿ ಮೊದಲು ನಡೆಯುವ ಕೆಲಸವೆಂದರೆ ಇಷ್ಟು ದಿನಕ್ಕಿಂತ ಹೆಚ್ಚು ನೋಟಿಸ್ ಇರುವವರನ್ನೂ ಇಷ್ಟು ಲಕ್ಷಕ್ಕಿಂತ ಹೆಚ್ಚು ಕೇಳುವವರನ್ನೂ ಸೋಸಿ ಬದಿಗಿಡುವುದು. ನಿಮ್ಮ ರೆಸ್ಯೂಮೆಯನ್ನು ಯಾರಾದರೂ ತೆರೆದು ಓದುವುದು ಈ ಸೋಸುವಿಕೆಯ ನಂತರ. "ನೆಗೋಷಿಯೇಬಲ್", "ಕಂಪನಿಯ ನಿಯಮದ ಪ್ರಕಾರ" ಎಂಬ ಮಾತುಗಳು ವಿನಯದಿಂದ ಬರೆದವೇ ಆಗಿದ್ದರೂ ಆ ಕಾಲಂಗಳಲ್ಲಿ ಖಾಲಿ ಬಿಟ್ಟ ಜಾಗದಂತೆಯೇ ಕಾಣುತ್ತವೆ, ಏಕೆಂದರೆ ಅವುಗಳನ್ನು ಸೋಸಲು ಬರುವುದಿಲ್ಲ. ಕೈಯಲ್ಲಿ ಸಂಖ್ಯೆ ಕೊಟ್ಟವರು ಸಾಕಷ್ಟು ಜನರಿರುವಾಗ ರಿಕ್ರೂಟರ್ ನಿಮಗೆ ಮತ್ತೆ ಕೇಳುವ ಶ್ರಮ ತೆಗೆದುಕೊಳ್ಳುವುದಿಲ್ಲ. ಹುದ್ದೆಯೇ ಭರ್ತಿಯಾಗಿರಬಹುದು, ಅಥವಾ ಕಂಪನಿ ಅದನ್ನು ತಡೆಹಿಡಿದಿರಬಹುದು ಎಂಬುದನ್ನೂ ಮರೆಯಬೇಡಿ. ಮೌನಕ್ಕೆಲ್ಲ ನಿಮ್ಮ ಉತ್ತರವೇ ಕಾರಣವೆಂದುಕೊಳ್ಳಬೇಕಾಗಿಲ್ಲ.

ಇನ್ನೊಂದು ಸಂಗತಿಯೂ ಇದೆ. ಆ ಹಾಳೆಯಲ್ಲಿ ಒಮ್ಮೆ ಕುಳಿತ ಸಂಖ್ಯೆ ಕೊನೆಯ ಸುತ್ತಿನವರೆಗೂ ನಿಮ್ಮ ಜೊತೆಗೇ ಬರುತ್ತದೆ. ಎರಡು ಸಂದರ್ಶನ ಮುಗಿದು ಸಂಬಳದ ಮಾತುಕತೆಗೆ ಕುಳಿತಾಗ ಎಚ್‌ಆರ್ ಮುಂದಿರುವುದು ಇದೇ ಸಾಲು. ನೇಮಕದ ಹೊತ್ತಿಗೆ ಮೂರು ತಿಂಗಳ ಪೇ ಸ್ಲಿಪ್, ಫಾರ್ಮ್ 16, ಪಿಎಫ್‌ನ ಯುಎಎನ್ ಖಾತೆಯ ಸೇವಾ ವಿವರ ಇವುಗಳನ್ನು ಕೇಳಿ ಅದರೊಡನೆ ತಾಳೆ ನೋಡುವುದೂ ಉಂಟು. ಹೀಗಾಗಿ ಈ ಮೂರು ಸಾಲಿನ ಉತ್ತರಕ್ಕೆ ಎರಡು ಗುಣ ಬೇಕು: ನೇರವಾಗಿ ನಕಲು ಮಾಡಿ ಕಾಲಂಗೆ ಹಾಕುವಷ್ಟು ಸ್ಪಷ್ಟವಾಗಿರಬೇಕು, ಮತ್ತು ಮುಂದೆ ಕಾಗದ ತೋರಿಸಬೇಕಾಗಿ ಬಂದಾಗ ಬದಲಿಸಬೇಕಾಗದಷ್ಟು ನಿಜವಾಗಿರಬೇಕು.

ನೋಟಿಸ್ ಅವಧಿಯಿಂದ ಆರಂಭಿಸೋಣ. ನಿಮ್ಮ ನೇಮಕ ಪತ್ರವನ್ನು ತೆಗೆದು ಆ ಕಲಮನ್ನು ಅಕ್ಷರಶಃ ಓದಿರಿ, ನೆನಪಿನಿಂದ ಹೇಳಬೇಡಿ. ಕೆಲಸ ಖಾಯಂ ಆದ ಮೇಲೆ ಮೂವತ್ತು ದಿನ ಅರುವತ್ತು ಆಗಿರುವುದು, ಬಡ್ತಿಯ ಪತ್ರದಲ್ಲಿ ಅದು ತೊಂಬತ್ತಕ್ಕೆ ಏರಿರುವುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಓದುವಾಗ ಮೂರು ವಿಷಯ ಹುಡುಕಿ. ಅವಧಿ ಎಷ್ಟು ದಿನ ಎಂಬುದು ಮೊದಲನೆಯದು. ಅವಧಿಗೆ ಬದಲಾಗಿ ಹಣ ಕಟ್ಟಿ ಬೇಗ ಹೊರಡುವ ಹಕ್ಕು ನಿಮಗಿದೆಯೇ, ಅಥವಾ ಅದು ಕಂಪನಿಯ ಇಚ್ಛೆಗೆ ಬಿಟ್ಟದ್ದೇ ಎಂಬುದು ಎರಡನೆಯದು. ಮೂರನೆಯದು, ಆ ಹಣವನ್ನು ಮೂಲವೇತನದ ಮೇಲೆ ಲೆಕ್ಕ ಹಾಕುತ್ತಾರೆಯೇ, ಇಡೀ ತಿಂಗಳ ಸಂಬಳದ ಮೇಲೆಯೇ ಎಂಬುದು. "ಎರಡರಲ್ಲಿ ಯಾವ ಪಕ್ಷವೂ ನೋಟಿಸ್ ಅಥವಾ ಅದಕ್ಕೆ ಬದಲಾಗಿ ಸಂಬಳ ಕೊಟ್ಟು" ಎಂದು ಪತ್ರದಲ್ಲಿದ್ದರೆ ನಿಮ್ಮ ಕೈಯಲ್ಲಿ ಒಂದು ಆಯ್ಕೆ ಇದೆ. "ಕಂಪನಿಯ ವಿವೇಚನೆಯಂತೆ" ಎಂದಿದ್ದರೆ ಬೇಗ ಬಿಡುವುದು ನಿಮ್ಮ ಮ್ಯಾನೇಜರ್ ಒಪ್ಪಿದರೆ ಮಾತ್ರ. ಈ ಎರಡನೆಯ ಬಗೆಯ ಪತ್ರವಿರುವವರು ರಿಕ್ರೂಟರಿಗೆ "ಬೈಔಟ್ ಆಗುತ್ತದೆ" ಎಂದು ಭರವಸೆ ಕೊಡಲೇಬಾರದು.

ನಿಮ್ಮ ಅವಧಿ ಎಷ್ಟೆಂದು ನೀವು ಬರೆದಿಲ್ಲ. ಅರುವತ್ತು ದಿನವೆಂದೂ ತಿಂಗಳಿಗೆ ಕಡಿತಕ್ಕೆ ಮುಂಚಿನ ಸಂಬಳ 50,000 ರೂಪಾಯಿ, ಅದರಲ್ಲಿ ಮೂಲವೇತನ 25,000 ಎಂದೂ ಇಟ್ಟುಕೊಳ್ಳುತ್ತೇನೆ. ನೀವು ಹೇಳಿದ 7.2 ಲಕ್ಷದ ಸಿಟಿಸಿಗೆ ಇದು ಹೊಂದುತ್ತದೆ. ಹೊಸ ಕಂಪನಿ ಮೂವತ್ತು ದಿನದಲ್ಲಿ ಬರಬೇಕೆಂದರೆ ಉಳಿದ ಮೂವತ್ತು ದಿನದ ಬೆಲೆ ಪತ್ರದ ಮಾತಿಗೆ ತಕ್ಕಂತೆ 25,000 ಆಗಬಹುದು, 50,000ವೂ ಆಗಬಹುದು. ಬಾಕಿ ಇರುವ ಗಳಿಕೆ ರಜೆಯನ್ನು ಇದಕ್ಕೆ ಸರಿಹೊಂದಿಸಲು ಕೆಲವು ಕಂಪನಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ಇದನ್ನೂ ನಿಮ್ಮ ಎಚ್‌ಆರ್ ನಿಯಮಾವಳಿಯಲ್ಲಿ ನೋಡಬೇಕು. ಹೊಸ ಕಂಪನಿ ಈ ಹಣವನ್ನು ತುಂಬಿಕೊಡುವುದಾದರೆ ಸಾಮಾನ್ಯವಾಗಿ ಅದು ಸೇರಿದ ಮೇಲೆ ಸಂಬಳದ ಜೊತೆ ಬರುತ್ತದೆ, ಮತ್ತು ಒಂದು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆಂಬ ಶರತ್ತೂ ಅದರ ಬೆನ್ನಿಗೇ ಇರುತ್ತದೆ. ಎಂದರೆ ಮೊದಲು ಕೈಯಿಂದ ಕಟ್ಟಬೇಕಾದವರು ನೀವೇ. ಅಂದಹಾಗೆ, ನೋಟಿಸ್ ಹಣದ ಮೇಲೆ ಜಿಎಸ್‌ಟಿ ಹಾಕುತ್ತಾರೆಂಬ ಮಾತು ಒಂದು ಕಾಲದಲ್ಲಿ ಓಡಾಡುತ್ತಿತ್ತು. ಅಂಥ ವಸೂಲಿಯ ಮೇಲೆ ಜಿಎಸ್‌ಟಿ ಇಲ್ಲವೆಂದು 2022ರ ಆಗಸ್ಟಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಲಾಗಿದೆ. ನೀವೇ ಅಕೌಂಟ್ಸಿನವರಾದ್ದರಿಂದ ಅಂತಿಮ ಲೆಕ್ಕದ ಹಾಳೆಯಲ್ಲಿ ಆ ಸಾಲು ಕಂಡರೆ ಪ್ರಶ್ನಿಸಲು ಹಿಂಜರಿಯಬೇಡಿ.

ಹೀಗಾಗಿ ನೋಟಿಸಿನ ಸಾಲು "60 ದಿನ, ಇನ್ನೂ ರಾಜೀನಾಮೆ ಕೊಟ್ಟಿಲ್ಲ, ಹಣ ಕಟ್ಟುವ ಅವಕಾಶ ಪತ್ರದಲ್ಲಿದೆ, ಹಾಗಾದರೆ 30 ದಿನದಲ್ಲಿ ಸೇರಬಹುದು" ಎಂಬ ರೂಪದಲ್ಲಿರಬೇಕು. ಇದರಲ್ಲಿ "ರಾಜೀನಾಮೆ ಕೊಟ್ಟಿಲ್ಲ" ಎಂಬ ತುಣುಕನ್ನು ಜನ ಬಿಟ್ಟುಬಿಡುತ್ತಾರೆ, ಆದರೆ ರಿಕ್ರೂಟರ್ ಮುಂದಿನ ಕ್ಷಣ ಕೇಳುವುದು ಅದನ್ನೇ. ಈಗಾಗಲೇ ರಾಜೀನಾಮೆ ಕೊಟ್ಟವರು ದಿನಗಳ ಲೆಕ್ಕ ಹೇಳುವುದಕ್ಕಿಂತ ಕೊನೆಯ ಕೆಲಸದ ದಿನಾಂಕವನ್ನೇ ಬರೆಯುವುದು ಒಳ್ಳೆಯದು, ಏಕೆಂದರೆ ದಿನಗಳು ಕರಗುತ್ತಾ ಹೋಗುತ್ತವೆ, ಹಾಳೆಯಲ್ಲಿನ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಇನ್ನು ನಿಮ್ಮ ವಿಭಾಗಕ್ಕೇ ಸೇರಿದ ಒಂದು ತೊಡಕಿದೆ. ಮಾರ್ಚ್ ಮುಗಿದು ವರ್ಷದ ಲೆಕ್ಕ ಮುಚ್ಚುವ ತಿಂಗಳುಗಳಲ್ಲಿ ಅಕೌಂಟ್ಸಿನವರನ್ನು ಯಾವ ಮ್ಯಾನೇಜರೂ ಬೇಗ ಬಿಡುವುದಿಲ್ಲ, ಲೆಕ್ಕಪರಿಶೋಧನೆ ಮುಗಿಯುವವರೆಗೂ ಆ ಬಿಗಿ ಸಡಿಲುವುದಿಲ್ಲ. ಅಂಥ ಸಮಯದಲ್ಲಿ "30 ದಿನ" ಎಂದು ಬರೆಯುವ ಮೊದಲು ಎರಡು ಸಲ ಯೋಚಿಸಬೇಕು.

"ತಕ್ಷಣ ಸೇರುತ್ತೇನೆ" ಎಂದು ಬರೆದರೆ ಮೊದಲ ಸೋಸುವಿಕೆಯಲ್ಲಿ ಗೆಲ್ಲುತ್ತೇವಲ್ಲ ಎಂದು ಕೆಲವರು ಕೇಳುತ್ತಾರೆ. ಗೆಲ್ಲುತ್ತೀರಿ, ಆದರೆ ಆಫರ್ ಪತ್ರದಲ್ಲಿ ಸೇರುವ ದಿನಾಂಕ ಅಚ್ಚಾದ ದಿನವೇ ಪೇಚು ಶುರುವಾಗುತ್ತದೆ. ಒಂದೋ ದಿನಾಂಕ ಮುಂದೂಡಲು ಕೇಳಿ ಆಫರನ್ನೇ ಕಳೆದುಕೊಳ್ಳಬೇಕು, ಇಲ್ಲವೇ ಹಳೆಯ ಕಂಪನಿಯನ್ನು ಹೇಳದೆ ಬಿಟ್ಟು ಬರಬೇಕು. ಎರಡನೆಯದನ್ನು ಮಾಡಿದವರಿಗೆ ರಿಲೀವಿಂಗ್ ಲೆಟರ್ ಸಿಗುವುದಿಲ್ಲ. ಹಿನ್ನೆಲೆ ಪರಿಶೀಲನೆಯಲ್ಲಿ ಮೊದಲು ಕೇಳುವ ಕಾಗದವೇ ಅದು, ಅದರಲ್ಲೂ ಹಣದ ವ್ಯವಹಾರ ನೋಡುವ ಅಕೌಂಟ್ಸಿನವರ ಬಗ್ಗೆ ಪರಿಶೀಲನೆ ಇನ್ನಷ್ಟು ಬಿಗಿ.

ಊರಿನ ಪ್ರಶ್ನೆಯನ್ನು ನಮ್ಮ ಕಡೆಯವರು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಒಂದು ಪದ ಹಾಕಿ ಮುಗಿಸುತ್ತಾರೆ. ಬೆಂಗಳೂರಿನಲ್ಲಿ ಕುಳಿತ ರಿಕ್ರೂಟರಿಗೆ "ಕಾಸರಗೋಡು" ಎಂದು ಕಂಡರೆ ಕೇರಳವೆಂಬುದು ಹೊಳೆಯುತ್ತದೆ, ನೀವು ಕೊಚ್ಚಿಯ ಹುದ್ದೆಗಳಿಗೆ ಹೊಂದುವವರೆಂದು ಭಾವಿಸುವ ಸಾಧ್ಯತೆಯೂ ಇದೆ. ನೀವು ದಿನಾ ತಲಪಾಡಿ ದಾಟಿ ಮಂಗಳೂರಿನಲ್ಲಿ ದುಡಿಯುವವರೆಂದೂ, ನಿಮ್ಮ ಓದು ಬರಹ ಕನ್ನಡದ್ದೆಂದೂ ಆ ಒಂದು ಪದದಿಂದ ಯಾರಿಗೂ ತಿಳಿಯುವುದಿಲ್ಲ. ವಾಸ್ತವವಾಗಿ ಆ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಅಡಗಿವೆ: ಈಗ ಎಲ್ಲಿ ವಾಸ ಮತ್ತು ಕೆಲಸ, ಮುಂದೆ ಯಾವ ಊರಿಗೆ ಬರಬಲ್ಲಿರಿ, ಸಂದರ್ಶನಕ್ಕೆ ಮುಖತಃ ಬರಬೇಕೆಂದರೆ ಎಷ್ಟು ಬೇಗ ಬರಬಲ್ಲಿರಿ. ಮೂರಕ್ಕೂ ಒಂದೇ ವಾಕ್ಯದಲ್ಲಿ ಉತ್ತರಿಸಬಹುದು: "ವಾಸ ಉಪ್ಪಳ, ಕಾಸರಗೋಡು ಜಿಲ್ಲೆ, ಕೆಲಸ ಮಂಗಳೂರು, ಬೆಂಗಳೂರಿಗೆ ಸ್ಥಳಾಂತರಕ್ಕೆ ಸಿದ್ಧ, ಮುಖತಃ ಸಂದರ್ಶನಕ್ಕೆ ಎರಡು ದಿನ ಮೊದಲು ತಿಳಿಸಿದರೆ ಬರುತ್ತೇನೆ." ಕಾಸರಗೋಡಿನಲ್ಲಿ ಸಂಜೆ ಕಣ್ಣೂರಿನಿಂದ ಬರುವ ಬೆಂಗಳೂರು ರೈಲು ಹತ್ತಿದರೆ ಬೆಳಗ್ಗೆ ಅಲ್ಲಿರುತ್ತೀರಿ, ಆದ್ದರಿಂದ ಎರಡು ದಿನ ಎಂಬುದು ರಜೆ ಮತ್ತು ಟಿಕೆಟಿಗಾಗಿ ಕೇಳುವ ಸಮಯವೇ ಹೊರತು ಉತ್ಪ್ರೇಕ್ಷೆಯಲ್ಲ.

ಬೆಂಗಳೂರಿನ ಹುದ್ದೆ ಸಿಗಲಿ ಎಂಬ ಆಸೆಯಿಂದ, ಅಲ್ಲಿರುವ ಅಣ್ಣನದೋ ಚಿಕ್ಕಮ್ಮನದೋ ವಿಳಾಸವನ್ನು ಹಿಡಿದು "ಈಗ ಬೆಂಗಳೂರಿನಲ್ಲಿದ್ದೇನೆ" ಎಂದು ಬರೆಯುವವರಿದ್ದಾರೆ. ಮರುದಿನ ಬೆಳಗ್ಗೆ ಹತ್ತಕ್ಕೆ ಕಚೇರಿಗೆ ಬನ್ನಿ ಎಂದು ಉತ್ತರ ಬಂದಾಗ ಇದು ಬಯಲಾಗುತ್ತದೆ. ಪೇ ಸ್ಲಿಪ್‌ನಲ್ಲಿ ಮಂಗಳೂರು ಶಾಖೆ, ಆಧಾರ್‌ನಲ್ಲಿ ಕೇರಳದ ವಿಳಾಸ ಇರುವುದರಿಂದ ಮುಂದೆಯೂ ಬಯಲಾಗುತ್ತದೆ. ಎರಡು ರಾಜ್ಯದ ಕಾಗದಗಳಿರುವುದರಲ್ಲಿ ತಪ್ಪೇನೂ ಇಲ್ಲ, ಖಾಯಂ ವಿಳಾಸ ಮತ್ತು ಈಗಿನ ವಿಳಾಸ ಬೇರೆಯಿದ್ದರೆ ಎರಡನ್ನೂ ಬರೆದು ಕೊಡುವ ವ್ಯವಸ್ಥೆ ಸಾಮಾನ್ಯವಾಗಿ ಕಂಪನಿಗಳಲ್ಲಿ ಇರುತ್ತದೆ. ಗಡಿಯವರಿಗೆ ಒಂದು ಅನುಕೂಲವೂ ಇದೆ. ಕನ್ನಡ, ತುಳುವಿನ ಜೊತೆ ಮಲಯಾಳವನ್ನೂ ಓದಿ ಮಾತಾಡಬಲ್ಲವರಾದರೆ, ಕೇರಳದ ಗ್ರಾಹಕರಿರುವ ಕಂಪನಿಯ ಹುದ್ದೆಯಲ್ಲಿ ಅದನ್ನು ಅರ್ಧ ಸಾಲಿನಲ್ಲಿ ಸೇರಿಸುವುದು ಲಾಭದಾಯಕ. ಉಳಿದ ಹುದ್ದೆಗಳಲ್ಲಿ ಅದರ ಅಗತ್ಯವಿಲ್ಲ.

ಬೆಂಗಳೂರು ಎಂದಾಕ್ಷಣ ವಾರಕ್ಕೆ ಎಷ್ಟು ದಿನ ಕಚೇರಿ ಎಂಬುದನ್ನು ನೀವು ತಿರುಗಿ ಕೇಳಲೇಬೇಕು. ಐದು ದಿನವೂ ಕಚೇರಿಯೆಂದರೆ ಮನೆ ಬಿಡಬೇಕು. ತಿಂಗಳಿಗೆ ನಾಲ್ಕು ದಿನ ಬಂದರೆ ಸಾಕು ಎಂದರೆ ಉಪ್ಪಳದಲ್ಲಿಯೇ ಇದ್ದು ರೈಲಿನಲ್ಲಿ ಓಡಾಡಬಹುದು. ಈ ಒಂದು ಉತ್ತರದಿಂದ ನೀವು ಕೇಳಬೇಕಾದ ಸಂಬಳವೇ ಬದಲಾಗಿಬಿಡುತ್ತದೆ, ಅದಕ್ಕಾಗಿಯೇ ಊರು ಇತ್ಯರ್ಥವಾಗದೆ ಸಂಬಳದ ಸಂಖ್ಯೆ ಹೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ನಿಮ್ಮ ಲೆಕ್ಕದಲ್ಲಿಯೇ ತೋರಿಸುತ್ತೇನೆ.

ನಿಮ್ಮ 7.2 ಲಕ್ಷದ ಸಿಟಿಸಿಯನ್ನು ಬಿಡಿಸಿದರೆ ಬಹುಶಃ ಹೀಗಿರುತ್ತದೆ. ತಿಂಗಳಿಗೆ 50,000ದಂತೆ ವರ್ಷಕ್ಕೆ 6 ಲಕ್ಷ ಸಂಬಳ. ಕಂಪನಿ ತನ್ನ ಪಾಲಿನ ಪಿಎಫ್ ಎಂದು ತಿಂಗಳಿಗೆ 1,800ರಂತೆ ಕಟ್ಟುವ 21,600. ಗ್ರಾಚ್ಯುಟಿ ಎಂದು ತೋರಿಸುವ, ಮೂಲವೇತನದ ಶೇಕಡಾ 4.81ರಷ್ಟು, ಅಂದರೆ ಸುಮಾರು 14,400. ಆರೋಗ್ಯ ವಿಮೆಯ ಕಂತು ಸುಮಾರು 9,000. ಉಳಿದ 75,000 ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ ವೇರಿಯಬಲ್. ತಿಂಗಳ 50,000ದಲ್ಲಿ ನಿಮ್ಮ ಪಾಲಿನ ಪಿಎಫ್ 1,800, ಕರ್ನಾಟಕದ ವೃತ್ತಿ ತೆರಿಗೆ 200 ಹೋಗಿ ಕೈಗೆ ಬರುವುದು 48,000. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಆದಾಯಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಗ್ರಾಚ್ಯುಟಿಯ ಸಾಲನ್ನು ಇಲ್ಲೇ ಗಮನಿಸಿ. ಖಾಯಂ ನೌಕರರಿಗೆ ಅದು ಐದು ವರ್ಷದ ಸೇವೆಯ ಮೇಲೆ ದೊರೆಯುವಂಥದ್ದು, ನೀವು ನಾಲ್ಕು ದಾಟಿದ್ದೀರಿ. ಈಗ ಬಿಟ್ಟರೆ ಸಿಟಿಸಿಯಲ್ಲಿ ವರ್ಷವರ್ಷವೂ ತೋರಿಸಿದ ಆ ಹಣ ನಿಮ್ಮ ಕೈಸೇರುವುದಿಲ್ಲ, ಐದು ತುಂಬಿದರೆ ಇದೇ ಮೂಲವೇತನಕ್ಕೆ ಸುಮಾರು 72,000 ಬರುತ್ತದೆ. ಬದಲಾಯಿಸಬಾರದು ಎಂದು ನಾನು ಹೇಳುತ್ತಿಲ್ಲ. ಐದು ತುಂಬಲು ಒಂದೆರಡು ತಿಂಗಳಷ್ಟೇ ಬಾಕಿಯಿದ್ದರೆ ಸೇರುವ ದಿನಾಂಕವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ.

ಈಗ ರಿಕ್ರೂಟರ್ ಫೋನಿನಲ್ಲಿ "ಶೇಕಡಾ 25 ಏರಿಕೆ ಕೊಡಿಸುತ್ತೇವೆ, 9 ಲಕ್ಷ" ಎನ್ನುತ್ತಾರೆ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಅದರಲ್ಲಿ ಶೇಕಡಾ 15 ವೇರಿಯಬಲ್ ಇದ್ದರೆ 1,35,000 ಪಕ್ಕಕ್ಕೆ ಸರಿಯುತ್ತದೆ. ಉಳಿದದ್ದರಲ್ಲಿ ಕಂಪನಿಯ ಪಿಎಫ್, ಗ್ರಾಚ್ಯುಟಿ, ವಿಮೆ ಕಳೆದರೆ ತಿಂಗಳ ಸಂಬಳ 59,700ರ ಆಸುಪಾಸಿಗೆ ಬಂದು, ಕೈಗೆ ಸುಮಾರು 57,700 ಸಿಗುತ್ತದೆ. ಈಗಿನದಕ್ಕಿಂತ 9,700 ಹೆಚ್ಚು. ಆದರೆ ನೀವು ಈಗ ಮನೆಯಲ್ಲಿದ್ದು ರೈಲು, ಬಸ್ಸಿಗೆ ತಿಂಗಳಿಗೆ ಎರಡು ಸಾವಿರ ಖರ್ಚು ಮಾಡುತ್ತೀರಿ ಎಂದಿಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಊಟ ಸಹಿತ ಪಿಜಿಗೆ ಹದಿಮೂರು ಸಾವಿರ, ಅಲ್ಲಿನ ಓಡಾಟಕ್ಕೆ ಎರಡು, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗಲು ಎರಡು ಎಂದರೆ ಒಟ್ಟು ಹದಿನೇಳು ಸಾವಿರ. ಈಗಿನ ಓಡಾಟದ ಎರಡು ಸಾವಿರ ಉಳಿಯುವುದರಿಂದ ಹೆಚ್ಚುವರಿ ಖರ್ಚು ಹದಿನೈದು ಸಾವಿರ. ಈಗಿನ ಸ್ಥಿತಿಯಲ್ಲೇ ಉಳಿಯಬೇಕಾದರೂ ಕೈಗೆ 63,000 ಬರಬೇಕು. 57,700 ಬಂದರೆ ತಿಂಗಳಿಗೆ ಐದು ಸಾವಿರದಷ್ಟು ಕೊರತೆ! ವೇರಿಯಬಲ್ ಪೂರ್ತಿ ಸಿಕ್ಕಿದರೂ ಆ ಕೊರತೆ ಹೆಚ್ಚುಕಡಿಮೆ ಮುಚ್ಚಬಹುದು, ಅಷ್ಟೇ. ನಿಮ್ಮ ಪಿಜಿ ಬಾಡಿಗೆ, ಖರ್ಚು ನನ್ನ ಊಹೆಗಿಂತ ಬೇರೆಯಿರಬಹುದು, ಆದರೆ ಲೆಕ್ಕದ ದಾರಿ ಇದೇ.

ಈಗ ಅದೇ ಲೆಕ್ಕವನ್ನು ತಿರುಗಿಸಿ ಹಾಕೋಣ. ಖರ್ಚೆಲ್ಲ ಕಳೆದು ತಿಂಗಳಿಗೆ ಹತ್ತು ಸಾವಿರ ಹೆಚ್ಚು ಉಳಿದರೆ ಮಾತ್ರ ಕೆಲಸ ಬದಲಿಸುತ್ತೇನೆ ಎಂದು ನೀವು ನಿಶ್ಚಯಿಸಿದ್ದೀರಿ ಎನ್ನೋಣ. ಬೆಂಗಳೂರಿನಲ್ಲಿ ಕೈಗೆ 73,000 ಬೇಕು, ಅದಕ್ಕೆ ತಿಂಗಳ ಸಂಬಳ 75,000 ಆಗಬೇಕು, ಪಿಎಫ್ ಮುಂತಾದವನ್ನು ಸೇರಿಸಿದರೆ ವೇರಿಯಬಲ್ ಬಿಟ್ಟು ಸಿಟಿಸಿ ಸುಮಾರು 9.5 ಲಕ್ಷ. ಅದೇ ಹುದ್ದೆ ಮಂಗಳೂರಿನಲ್ಲಿಯೇ ಇದ್ದರೆ ಕೈಗೆ 58,000 ಸಾಕು, ತಿಂಗಳ ಸಂಬಳ 60,000, ವೇರಿಯಬಲ್ ಬಿಟ್ಟು ಸಿಟಿಸಿ ಸುಮಾರು 7.7 ಲಕ್ಷ. ಒಬ್ಬರೇ ವ್ಯಕ್ತಿ, ಒಂದೇ ಉಳಿತಾಯ, ಆದರೆ ಊರಿನ ದೆಸೆಯಿಂದ ಕೇಳಬೇಕಾದ ಸಂಖ್ಯೆಯಲ್ಲಿ 1.8 ಲಕ್ಷದ ಅಂತರ. "ಎಲ್ಲಿಗಾದರೂ ಸರಿ, 9 ಲಕ್ಷ" ಎಂದು ಬರೆದವರು ಮಂಗಳೂರಿನ ಹುದ್ದೆಯಲ್ಲಿ ದುಬಾರಿಯೆಂದು ಸೋಸಿಹೋಗುತ್ತಾರೆ, ಬೆಂಗಳೂರಿನ ಹುದ್ದೆಯಲ್ಲಿ ಆಯ್ಕೆಯಾಗಿ ಕೈಸುಟ್ಟುಕೊಳ್ಳುತ್ತಾರೆ.

ಸಂಖ್ಯೆಯನ್ನು ಬರೆಯುವ ರೀತಿಯ ಬಗ್ಗೆಯೂ ಎರಡು ಮಾತು. ಈಗಿನ ಸಂಬಳವನ್ನು ಬರೆಯುವಾಗ "ಒಟ್ಟು 7.2, ಅದರಲ್ಲಿ ವೇರಿಯಬಲ್ 0.75" ಎಂದು ಒಡೆದೇ ಬರೆಯಿರಿ, ಹೆಚ್ಚಿಸಿ ಬರೆಯಬೇಡಿ. ಪೇ ಸ್ಲಿಪ್ ಕೊಟ್ಟ ದಿನ ವ್ಯತ್ಯಾಸ ಸಿಕ್ಕಿಬಿದ್ದರೆ ಆಫರ್ ಕಡಿಮೆಯಾಗುವುದಷ್ಟೇ ಅಲ್ಲದೆ ರದ್ದಾಗುವುದೂ ಉಂಟು. ಈಗಿನ ಸಂಬಳ ಹೇಳಲೇಬೇಕೆಂದು ನಮ್ಮಲ್ಲಿ ಯಾವ ಕಾನೂನೂ ಇಲ್ಲ, ಆದರೆ ಕನ್ಸಲ್ಟೆನ್ಸಿಯ ಹಾಳೆಯಲ್ಲಿ ಆ ಕಾಲಂ ಖಾಲಿ ಬಿಟ್ಟರೆ ಮುಂದೆ ಸಾಗುವುದು ಕಷ್ಟ. ನಿರೀಕ್ಷೆಯನ್ನು ಬರೆಯುವಾಗ "9ರಿಂದ 11" ಎಂಬಂಥ ಅಗಲವಾದ ಅಂತರ ಕೊಡಬೇಡಿ. ಹಾಳೆಯಲ್ಲಿ ಕುಳಿತುಕೊಳ್ಳುವುದು 9 ಮಾತ್ರ, 11ನ್ನು ಬರೆದವರು ನೀವೊಬ್ಬರೇ ನೆನಪಿಟ್ಟುಕೊಳ್ಳುತ್ತೀರಿ. ಒಂದೇ ಸಂಖ್ಯೆ ಕೊಡಿ, ಅದು ವೇರಿಯಬಲ್ ಬಿಟ್ಟ ಸ್ಥಿರ ಭಾಗವೆಂದು ಸ್ಪಷ್ಟವಾಗಿ ಬರೆಯಿರಿ, ಯಾವ ಊರಿಗೆ ಎಂಬುದನ್ನೂ ಸೇರಿಸಿ. ಮಾತುಕತೆಗೆ ಸ್ವಲ್ಪ ಜಾಗ ಬೇಕೆಂದಿದ್ದರೆ ನಿಮ್ಮ ಕನಿಷ್ಠ 9.5ರ ಮೇಲೆ ಅರ್ಧ ಲಕ್ಷ ಸೇರಿಸಿ 10 ಎನ್ನಿ, ಅದಕ್ಕಿಂತ ಹೆಚ್ಚು ಬೇಡ.

ಬಜೆಟ್ ಎಷ್ಟೆಂದು ಮೊದಲು ರಿಕ್ರೂಟರನ್ನೇ ಕೇಳಬಹುದೇ? ಖಂಡಿತ ಕೇಳಬಹುದು, ಅದರಲ್ಲಿ ಅವಿನಯವೇನೂ ಇಲ್ಲ. ಅವರ ಸ್ಥಿತಿಯನ್ನು ಅರ್ಥ ಮಾಡಿಕೊಂಡರೆ ಕೇಳುವುದು ಇನ್ನೂ ಸುಲಭ. ಕನ್ಸಲ್ಟೆನ್ಸಿಗೆ ಕಂಪನಿ ಕೊಡುವುದು ಸಾಮಾನ್ಯವಾಗಿ ನಿಮ್ಮ ವಾರ್ಷಿಕ ಸಂಬಳದ ಒಂದು ಪಾಲು, ಹಲವು ಕಡೆ ಒಂದು ತಿಂಗಳ ಸಂಬಳಕ್ಕೆ ಸಮವಾದ ಶೇಕಡಾ 8.33. ಅದು ಅವರ ಕೈಗೆ ಬರುವುದು ನೀವು ಸೇರಿದ ಮೇಲೆ. ಕೆಲವು ತಿಂಗಳೊಳಗೆ ನೀವು ಬಿಟ್ಟರೆ ಬದಲಿ ಅಭ್ಯರ್ಥಿಯನ್ನು ಉಚಿತವಾಗಿ ಕೊಡಬೇಕೆಂಬ ಕರಾರೂ ಇರುತ್ತದೆ. ಆದ್ದರಿಂದ ನೀವು ಐವತ್ತು ಸಾವಿರ ಹೆಚ್ಚು ಪಡೆಯುವುದರಿಂದ ಅವರಿಗೆ ಸಿಗುವುದು ಅಲ್ಪ, ನೀವು ಖಂಡಿತವಾಗಿ ಸೇರುವುದರಿಂದ ಸಿಗುವುದು ಬಹಳ. "ಸ್ವಲ್ಪ ಕಡಿಮೆ ಮಾಡಿ, ಬೇಗ ಬನ್ನಿ" ಎಂದು ಅವರು ಒತ್ತಾಯಿಸುವುದರ ಮೂಲ ಇಲ್ಲಿದೆ. ಹಾಗೆಯೇ, ಬಜೆಟ್ಟಿಗೆ ಹೊಂದದವರನ್ನು ಸಂದರ್ಶನಕ್ಕೆ ಕಳುಹಿಸಿ ದಿನ ಕಳೆಯುವುದು ಅವರಿಗೂ ಬೇಡ, ಅದಕ್ಕೆ ಹೆಚ್ಚಿನವರು ಕೇಳಿದರೆ ಬಜೆಟ್ ಹೇಳುತ್ತಾರೆ.

ಬಜೆಟ್ಟಿಗಿಂತ ಮೊದಲು ಕೇಳಬೇಕಾದದ್ದು ಕಂಪನಿಯ ಹೆಸರು. ಒಂದೇ ಹುದ್ದೆಯನ್ನು ಎರಡು ಮೂರು ಕನ್ಸಲ್ಟೆನ್ಸಿಗಳಿಗೆ ಕೊಡುವ ರೂಢಿ ಇರುವುದರಿಂದ, ಹೆಸರು ತಿಳಿಯದೆ ಎಲ್ಲರಿಗೂ ಹೂಂ ಎಂದರೆ ನಿಮ್ಮ ರೆಸ್ಯೂಮೆ ಎರಡು ದಾರಿಯಲ್ಲಿ ಒಂದೇ ಮೇಜಿಗೆ ತಲುಪುತ್ತದೆ. ಯಾರ ಅಭ್ಯರ್ಥಿ ಎಂಬ ತಕರಾರು ಬೇಡವೆಂದು ಕಂಪನಿ ನಿಮ್ಮನ್ನೇ ಕೈಬಿಡಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಒಬ್ಬರ ಹಾಳೆಯಲ್ಲಿ ನಿಮ್ಮ ನಿರೀಕ್ಷೆ 9.5, ಮತ್ತೊಬ್ಬರದರಲ್ಲಿ 8.5 ಎಂದು ಇರುವುದು. ಹೆಸರು ಹೇಳಲು ಒಪ್ಪದವರಿಗೆ "ಹೆಸರು ತಿಳಿಸಿ ನನ್ನ ಒಪ್ಪಿಗೆ ಪಡೆದ ಮೇಲೆಯೇ ರೆಸ್ಯೂಮೆ ಕಳುಹಿಸಿ" ಎಂದು ಬರೆದಿಡಿ. ಇನ್ನು ನೋಂದಣಿ ಶುಲ್ಕ, ತರಬೇತಿ ಠೇವಣಿ ಎಂದು ಹಣ ಕೇಳಿದರೆ, ಅಥವಾ ಮೊದಲ ದಿನವೇ ಆಧಾರ್, ಒಟಿಪಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಅಭ್ಯರ್ಥಿಯಿಂದ ಹಣ ಪಡೆಯುವುದು ಮೇಲೆ ಹೇಳಿದ ವ್ಯವಹಾರದಲ್ಲಿ ಇಲ್ಲವೇ ಇಲ್ಲ.

ಇನ್ನು ನೀವು ಈಗ ಕಳುಹಿಸಬೇಕಾದ ಸಂದೇಶ. ಹಳೆಯ ಸಂದೇಶಕ್ಕೆ ಕ್ಷಮೆಯನ್ನೋ ದೀರ್ಘ ವಿವರಣೆಯನ್ನೋ ಸೇರಿಸುವ ಅಗತ್ಯವಿಲ್ಲ. ಅದೇ ಚಾಟ್‌ನಲ್ಲಿ, ನೀವು ಇಂಗ್ಲಿಷಿನಲ್ಲಿ ಬರೆಯುವುದಾದರೂ ಇದೇ ವಿಷಯವನ್ನು ಇದೇ ಕ್ರಮದಲ್ಲಿ ಬರೆಯಿರಿ. ನಿಮ್ಮ ನೇಮಕ ಪತ್ರದಲ್ಲಿರುವುದನ್ನು ನೋಡಿ ಸಂಖ್ಯೆಗಳನ್ನು ತಿದ್ದಿಕೊಳ್ಳಿ:

"ನಮಸ್ಕಾರ. ಅಕೌಂಟ್ಸ್ ಹುದ್ದೆಗೆ ನನ್ನ ವಿವರ ಪೂರ್ತಿಗೊಳಿಸುತ್ತಿದ್ದೇನೆ. ನೋಟಿಸ್: 60 ದಿನ, ರಾಜೀನಾಮೆ ಕೊಟ್ಟಿಲ್ಲ, ಹಣ ಕಟ್ಟಿ 30 ದಿನಕ್ಕೆ ಇಳಿಸುವ ಅವಕಾಶ ಪತ್ರದಲ್ಲಿದೆ. ಊರು: ವಾಸ ಉಪ್ಪಳ, ಕೆಲಸ ಮಂಗಳೂರು, ಬೆಂಗಳೂರಿಗೆ ಬರಲು ಸಿದ್ಧ. ಈಗಿನ ಸಿಟಿಸಿ: 7.2 ಲಕ್ಷ, ಅದರಲ್ಲಿ ವೇರಿಯಬಲ್ 75 ಸಾವಿರ. ನಿರೀಕ್ಷೆ: ಬೆಂಗಳೂರಿಗೆ ಸ್ಥಿರ ಭಾಗ 10 ಲಕ್ಷ. ಕಂಪನಿಯ ಹೆಸರು, ವಾರಕ್ಕೆ ಎಷ್ಟು ದಿನ ಕಚೇರಿ, ಬಜೆಟ್ ಇವನ್ನು ತಿಳಿಸಿದರೆ ಮುಂದುವರಿಯೋಣ."

ಇದು ಪರದೆಯ ಮೇಲೆ ಏಳೆಂಟು ಸಾಲು ಬರುತ್ತದೆ, ವಾಟ್ಸಾಪಿಗೆ ಉದ್ದವಾಯಿತೇ ಎಂದು ಅಳುಕಬೇಡಿ. ಪ್ರತಿಯೊಂದು ಸಾಲಿನ ಮೊದಲಲ್ಲಿಯೇ ಕಾಲಂನ ಹೆಸರಿರುವುದರಿಂದ ರಿಕ್ರೂಟರ್ ಅದನ್ನು ಓದುವುದಕ್ಕಿಂತ ನಕಲು ಮಾಡುತ್ತಾರೆ. ಧ್ವನಿ ಸಂದೇಶ ಕಳುಹಿಸಬೇಡಿ, ಅದನ್ನು ಕೇಳಿ ಹಾಳೆಗೆ ಇಳಿಸುವಾಗ ಸಂಖ್ಯೆ ಬದಲಾಗುವುದುಂಟು. ಫೋನಿನಲ್ಲಿ ಮಾತಾಡಿ ಸಂಖ್ಯೆ ಬದಲಿಸಿದರೆ, ಅಂದೇ "ಮಾತಾಡಿದಂತೆ ನಿರೀಕ್ಷೆ 9.5 ಸ್ಥಿರ, ಸೇರಲು 60 ದಿನ" ಎಂದು ಅದೇ ಚಾಟ್‌ನಲ್ಲಿ ಒಂದು ಸಾಲು ಹಾಕಿಡಿ. ಇಲ್ಲಿ ಮತ್ತೊಂದು ಕೊಡುಕೊಳ್ಳುವಿಕೆಯ ದಾರಿಯೂ ಕಾಣುತ್ತದೆ. ಅವರಿಗೆ ಮೂವತ್ತೇ ದಿನದಲ್ಲಿ ಬೇಕಾಗಿದ್ದರೆ ನೋಟಿಸ್ ಹಣವನ್ನು ಹೊಸ ಕಂಪನಿ ತುಂಬಿಕೊಡಬೇಕೆಂದು ನೀವು ಕೇಳಬಹುದು, ಅವರು ತುಂಬದಿದ್ದರೆ ಅರುವತ್ತು ದಿನವೆಂದೇ ನಿಲ್ಲಬಹುದು.

ಎರಡು ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಒಮ್ಮೆ "ಈ ಹುದ್ದೆ ಇನ್ನೂ ಖಾಲಿ ಇದೆಯೇ?" ಎಂದು ಕೇಳಿ, ಅದಕ್ಕೂ ಉತ್ತರವಿಲ್ಲದಿದ್ದರೆ ಬಿಟ್ಟುಬಿಡಿ. ಉತ್ತರ ಬಂದು ಪೇ ಸ್ಲಿಪ್ ಕೇಳಿದರೆ ಸಂದರ್ಶನ ಮುಗಿದು ಸಂಬಳದ ಮಾತಿಗೆ ಬಂದಾಗ ಕೊಡುತ್ತೇನೆ ಎನ್ನಿ. ಕೊಡುವ ದಿನ ಬಂದಾಗ ಬ್ಯಾಂಕ್ ಖಾತೆ, ಪ್ಯಾನ್, ಯುಎಎನ್ ಸಂಖ್ಯೆಗಳನ್ನು ಮರೆಮಾಡಿ ಕೊಡಿ, ಅವು ಬೇಕಾಗುವುದು ನೇಮಕವಾದ ಮೇಲೆ ಹೊಸ ಕಂಪನಿಯ ಎಚ್‌ಆರ್‌ಗೇ ಹೊರತು ನಡುವಿನವರಿಗಲ್ಲ.